ಒಂದೇ ಬದಿಯ ಬೆಳಕು

ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟದ ಕಡೆ ಹೊರಟರೆ ಕೌದಳ್ಳಿ ಸಿಗುತ್ತದೆ. ಅಲ್ಲೊಂದು ಶಾಲಾ ಕೋಣೆ ಕಟ್ಟಬೇಕು, ಕಿಟಕಿ ಒಂದೇ ಬದಿಗೆ ಎಂದಿಟ್ಟುಕೊಳ್ಳಿ. ಪಾಯ ತೋಡುವ ಮೊದಲೇ ಕೋಣೆ ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ತೋರಿಸುವ ಚಿತ್ರವೇ ರೆಂಡರ್.

ಒಂದು ಬದಿಯ ಬೆಳಕಿನ ವಿಚಾರ ಕಂಪ್ಯೂಟರಿಗಿಂತ ಹಳೆಯದು. ಲಂಡನ್ನಿನ ಶಾಲೆಗಳನ್ನು ಕಟ್ಟಿಸಿದ ಇ. ಆರ್. ರಾಬ್ಸನ್ 1874ರ ತನ್ನ ಪುಸ್ತಕದಲ್ಲಿ, ಬೆಳಕು ಮಕ್ಕಳ ಎಡಗಡೆಯಿಂದ ಬರಲಿ ಎಂದ. ಬಲಗೈಯಲ್ಲಿ ಬರೆಯುವವರಿಗೆ ಆಗ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ.

ಮೊದಮೊದಲ ಕಂಪ್ಯೂಟರ್ ಚಿತ್ರಗಳಿಗೆ ಇಂಥ ಕೋಣೆ ಕಷ್ಟವಾಗಿತ್ತು. ಕಿಟಕಿಯಿಂದ ನೇರವಾಗಿ ಬಿದ್ದ ಬೆಳಕು ಮಾತ್ರ ಲೆಕ್ಕಕ್ಕೆ ಸಿಗುತ್ತಿತ್ತು. ಗೋಡೆ, ಚಾವಣಿಗೆ ತಾಗಿ ಮರಳುವುದು ಸಿಗುತ್ತಿರಲಿಲ್ಲ. ಹಿಂದಿನ ಮೂಲೆ ಕಪ್ಪಾಗುತ್ತಿದ್ದುದರಿಂದ ಕಣ್ಣಿಗೆ ಕಾಣದ ದೀಪಗಳನ್ನು ಒಳಗೆ ತೂಗುಹಾಕಿ ಸರಿಮಾಡುತ್ತಿದ್ದರು. 1984ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಗೋಡೆಯಿಂದ ಗೋಡೆಗೆ ಚೆಲ್ಲುವ ಬೆಳಕನ್ನು ಲೆಕ್ಕಹಾಕಿದರು. 1986ರಲ್ಲಿ ಜೇಮ್ಸ್ ಕಜಿಯಾ ಅದಕ್ಕೊಂದು ಸಾಮಾನ್ಯ ಸಮೀಕರಣ ಕೊಟ್ಟ. ಆ ದಾರಿಯಲ್ಲೇ ನಡೆಯುವ ಸೈಕಲ್ಸ್ ಎಂಬ ಸಾಧನ 2011ರಲ್ಲಿ ಬ್ಲೆಂಡರ್ ಎಂಬ ತಂತ್ರಾಂಶಕ್ಕೆ ಸೇರಿತು. ಬ್ಲೆಂಡರ್ ಪುಕ್ಕಟೆ.

ಲೆಕ್ಕ ಈಗ ಸರಿಯಿದೆ, ತಪ್ಪುವುದು ಆಕಾಶ. ಚಿತ್ರದ ಬೆಳಕಿಗೆ ಯೂರೋಪಿನಲ್ಲಿ ತೆಗೆದ ಆಕಾಶದ ಫೋಟೋ ಹಾಕಿದರೆ ಸೂರ್ಯ ಸಾಮಾನ್ಯವಾಗಿ ತಗ್ಗಿನಲ್ಲಿರುತ್ತಾನೆ, ಬಿಸಿಲಕೋಲು ಎದುರು ಗೋಡೆಯವರೆಗೂ ಚಾಚುತ್ತದೆ. ನೋಡಲು ಚೆಂದ, ಕೌದಳ್ಳಿಗೆ ಸುಳ್ಳು. ಈ ಊರು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ನಡುಮಧ್ಯಾಹ್ನವೂ ಸೂರ್ಯ 54 ಡಿಗ್ರಿಗಿಂತ ಮೇಲಿರುತ್ತಾನೆ. ದಕ್ಷಿಣದ ಕಿಟಕಿಯ ಮೇಲಂಚು ನೆಲದಿಂದ 2.1 ಮೀಟರ್ ಇದ್ದರೆ ಬಿಸಿಲು ನೆಲದ ಮೇಲೆ ಸುಮಾರು ಒಂದೂವರೆ ಮೀಟರ್ ಒಳಗೆ ಬಂದು ನಿಲ್ಲುತ್ತದೆ. ಸಜ್ಜಾ ಹಾಕಿದರೆ ಅದೂ ಕಡಿಮೆ. ಜೂನ್ 21ರಂದು ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲಿರುತ್ತಾನೆ, ಹಾಗಾಗಿ ಉತ್ತರದ ಕಿಟಕಿಗೂ ಸಜ್ಜಾ ಬೇಕೇಬೇಕು. ಊರಿನ ಅಕ್ಷಾಂಶ, ರೇಖಾಂಶ, ತಾರೀಖು, ಗಂಟೆ ಕೊಟ್ಟು ಸೂರ್ಯನನ್ನು ನಿಲ್ಲಿಸಿದರೆ ಈ ತಪ್ಪು ಆಗುವುದಿಲ್ಲ.

ಪೀಠೋಪಕರಣದಲ್ಲಿ ಮೋಸ ಇನ್ನೂ ಸಲೀಸು. ಸಿದ್ಧವಾಗಿ ಸಿಗುವ ಕುರ್ಚಿಯ ಮಾದರಿ ಸಾಮಾನ್ಯವಾಗಿ ದೊಡ್ಡವರದು, ಆಸನ 45 ಸೆಂ.ಮೀ. ಎತ್ತರ. ಆರೇಳು ವರ್ಷದ ಮಗುವಿಗೆ 31 ಸೆಂ.ಮೀ. ಸಾಕು, ಮೇಜು 53. ದೊಡ್ಡ ಮಾದರಿಯನ್ನು ಹಾಗೇ ಕುಗ್ಗಿಸಿದರೆ ಹಲಗೆ, ಕಾಲುಗಳೂ ತೆಳುವಾಗಿ, ಚಿತ್ರದಲ್ಲಿ ಗಟ್ಟಿ ಕಂಡದ್ದು ಬಳಕೆಯಲ್ಲಿ ಮುರಿಯುತ್ತದೆ; ಎತ್ತರ ಇಳಿಸಬೇಕು, ದಪ್ಪ ಇಳಿಸಬಾರದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯ ಮಕ್ಕಳು ಗುಂಪುಗೂಡಿ ಕೂರುತ್ತಾರೆ, ಅಲ್ಲಿ ಬೆಂಚುಗಳ ಸಾಲೇ ತಪ್ಪು. ಅವರಿಗೆಂದು ಗೋಡೆಯ ಕೆಳಭಾಗಕ್ಕೆ ಬಳಿಯುವ ಕಪ್ಪುಪಟ್ಟಿಯನ್ನೂ ಚಿತ್ರದಲ್ಲಿ ಸೇರಿಸಬೇಕು. ಕಿಟಕಿಯ ಎದುರು ಗೋಡೆಯಲ್ಲಿದ್ದರೆ, ಬೆಳಕು ಅತಿ ಕಡಿಮೆ ಇರುವ ಕಡೆಯೇ ಅದು ಬೆಳಕನ್ನು ನುಂಗುತ್ತದೆ.

ಬಣ್ಣ ಶಾಂತವಾಗಿರಲಿ ಎನ್ನುವುದು ಬರೀ ರುಚಿಯ ಮಾತಲ್ಲ. ಗಾಢ ಹಸಿರು ಗೋಡೆ ಮಗುವಿನ ಮುಖಕ್ಕೂ ಹಸಿರು ಹಚ್ಚುತ್ತದೆ. ಚಾವಣಿ ಬಿಳಿ, ಗೋಡೆ ತಿಳಿ ಕೆನೆಬಣ್ಣ, ಕೈತಾಗುವ ಕೆಳಗಿನ ಭಾಗ ಮಾತ್ರ ತುಸು ಗಾಢ: ನನಗೆ ಒಪ್ಪುವುದು ಇದು.

ಚಿತ್ರ ಕೈಗೆ ಬಂದರೆ ನಾನು ಮೊದಲು ಕೇಳುವುದು ಕಿಟಕಿಗೆ ದೂರದ ಕೊನೆಯ ಜಾಗದಿಂದ, ಕುಳಿತ ಮಗುವಿನ ಕಣ್ಣೆತ್ತರದಲ್ಲಿ, ಒಳಗಿನ ದೀಪವೆಲ್ಲ ಆರಿಸಿ ತೆಗೆದ ಇನ್ನೊಂದು ನೋಟ.