ನಮ್ಮ ಶಾಲೆಯ ನಾಮಫಲಕ: ಅಕ್ಷರಗಳು ಹೇಳಿದ ಕಾಲ

ನಮ್ಮ ಪ್ರೌಢಶಾಲೆ ಆರಂಭವಾದದ್ದು 1974ರಲ್ಲಿ. ಈ ಸುವರ್ಣ ಮಹೋತ್ಸವ ಸಂಚಿಕೆಗಾಗಿ ಆರಂಭದ ವರ್ಷಗಳ ಫೋಟೋಗಳಿದ್ದರೆ ಕೊಡಿ ಎಂದು ಹಳೆಯ ವಿದ್ಯಾರ್ಥಿಗಳ ಬಳಗ ಕೇಳಿಕೊಂಡಾಗ ಎರಡು ಫೋಟೋಗಳು ಬಂದವು. ಎರಡರಲ್ಲೂ ದೃಶ್ಯ ಒಂದೇ. ಧ್ವಜಾರೋಹಣದ ದಿನ ಮಕ್ಕಳು ಸಾಲಾಗಿ ನಿಂತಿದ್ದಾರೆ, ಕ್ಯಾಮೆರಾಕ್ಕೆ ಅವರ ಬೆನ್ನು ಕಾಣುತ್ತದೆ, ಎದುರಿಗೆ ಶಾಲೆಯ ಬಾಗಿಲು, ಬಾಗಿಲ ಮೇಲೆ ನಾಮಫಲಕ. ಮುಖಗಳೇ ಕಾಣದ ಕಾರಣ ಇವರು ಇಂಥ ಬ್ಯಾಚಿನವರು ಎಂದು ಯಾರೂ ಗುರುತು ಹಿಡಿಯುವಂತಿಲ್ಲ.

ಮೊದಲನೆಯ ಫೋಟೋ ವಾಟ್ಸಾಪ್ ಗುಂಪಿನಲ್ಲಿ ಹರಿದಾಡಿದ್ದು. ಜೆರಾಕ್ಸ್ ಹಾಳೆಯೊಂದರಿಂದ ತೆಗೆದದ್ದು. ಕೆಳಗೆ ಪೆನ್ನಿನಲ್ಲಿ ‘ಮೊದಲ ಧ್ವಜಾರೋಹಣ, 15-8-1974’ ಎಂದು ಬರೆದಿದೆ. ಎರಡನೆಯದು ಆ ಕಾಲದಲ್ಲಿ ಶಾಲೆಯ ಜವಾನರಾಗಿದ್ದವರ ಮನೆಯ ಪೆಟ್ಟಿಗೆಯಲ್ಲಿದ್ದ ಸಣ್ಣ ಫೋಟೋ. ಅದರ ಹಿಂದೆ ಏನೂ ಬರೆದಿಲ್ಲ. ‘ಅಪ್ಪ ಇದೇ ಮೊದಲಿನದು ಅಂತ ಹೇಳ್ತಿದ್ರು’ ಎಂಬ ಮಗನ ಮಾತೊಂದೇ ಅದಕ್ಕಿದ್ದ ಆಧಾರ. ಬರಹವಿದ್ದ ಫೋಟೋವನ್ನೇ ಮುಖಪುಟಕ್ಕೆ ಹಾಕೋಣ ಎಂದು ಬಹುಮಂದಿ ಹೇಳಿದರು. ಆದರೆ ಎರಡು ಫೋಟೋಗಳಲ್ಲಿರುವ ಫಲಕದ ಅಕ್ಷರಗಳು ಬೇರೆ ಬೇರೆ. ಆದ್ದರಿಂದ ತೀರ್ಮಾನಕ್ಕೆ ಮುಂಚೆ ಆ ಅಕ್ಷರಗಳನ್ನು ಪರೀಕ್ಷಿಸುವ ಕೆಲಸವನ್ನು ನಾನು ವಹಿಸಿಕೊಂಡೆ. ಅದನ್ನು ಹೇಗೆ ಮಾಡಿದೆ, ಏನು ತಿಳಿಯಿತು ಎಂಬುದೇ ಈ ಲೇಖನ. ಬರಹವಿರುವ ಫೋಟೋವನ್ನು ‘ಜೆರಾಕ್ಸ್ ಫೋಟೋ’ ಎಂದೂ ಇನ್ನೊಂದನ್ನು ‘ಪೆಟ್ಟಿಗೆಯ ಫೋಟೋ’ ಎಂದೂ ಕರೆಯುತ್ತೇನೆ.

ಅಕ್ಷರದ ಆಕಾರದಿಂದ ಕಾಲವನ್ನು ತಿಳಿಯುವುದು ಒಂದು ಸರಳ ನಿಯಮದ ಮೇಲೆ ನಿಂತಿದೆ. ಒಂದು ಅಕ್ಷರರೂಪ ಹುಟ್ಟುವುದಕ್ಕಿಂತ ಮುಂಚೆ ಅದನ್ನು ಯಾರೂ ಬಳಸಿರಲು ಸಾಧ್ಯವಿಲ್ಲ. 2017ರಲ್ಲಿ ಪಾಕಿಸ್ತಾನದಲ್ಲಿ ಆಗಿನ ಪ್ರಧಾನಿಯ ಕುಟುಂಬದವರು ತನಿಖೆಗೆ ಒಪ್ಪಿಸಿದ್ದ ಒಂದು ದಾಖಲೆಯ ಮೇಲೆ 2006ರ ಫೆಬ್ರವರಿಯ ದಿನಾಂಕವಿತ್ತು. ಅದನ್ನು ಟೈಪ್ ಮಾಡಿದ್ದು ಕ್ಯಾಲಿಬ್ರಿ ಎಂಬ ಇಂಗ್ಲಿಷ್ ಅಕ್ಷರದಲ್ಲಿ. ಆ ಅಕ್ಷರ ಸಾರ್ವಜನಿಕರ ಕೈಗೆ ಬಂದದ್ದು 2007ರ ಜನವರಿಯಲ್ಲಿ, ಮೈಕ್ರೋಸಾಫ್ಟ್ ಆಫೀಸ್ 2007ರ ಜೊತೆ. ದಾಖಲೆಯ ಮೇಲೆ ಸಂಶಯ ಹುಟ್ಟಲು ಅದೊಂದೇ ಸಾಕಾಯಿತು. ಆದರೆ ಈ ನಿಯಮ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ‘ಇದಕ್ಕಿಂತ ಮುಂಚಿನದಲ್ಲ’ ಎಂದು ಹೇಳಬಹುದೇ ಹೊರತು ‘ಇದಕ್ಕಿಂತ ಈಚಿನದಲ್ಲ’ ಎಂದು ಹೇಳಲಾಗದು. ಹಳೆಯ ಅಕ್ಷರವನ್ನು ಇವತ್ತೂ ಯಾರು ಬೇಕಾದರೂ ಬಳಸಬಹುದಲ್ಲವೇ?

ನಮ್ಮ ಫೋಟೋಗಳಿಗೆ ಬರೋಣ. ವಾಟ್ಸಾಪ್‌ನಲ್ಲಿ ಬಂದ ಚಿತ್ರದಲ್ಲಿ ಒಂದು ಅಕ್ಷರದ ಎತ್ತರ 14 ಚುಕ್ಕಿಗಳಷ್ಟೇ ಇತ್ತು. ಅಷ್ಟು ಸಣ್ಣ ಚಿತ್ರದಲ್ಲಿ ಎಲ್ಲ ಅಕ್ಷರಗಳ ಅಂಚೂ ಕರಗಿ ಒಂದೇ ತರಹ ಕಾಣುತ್ತವೆ. ಹಾಗಾಗಿ ಎರಡೂ ಮೂಲಗಳನ್ನು ತರಿಸಿ ಹೊಸದಾಗಿ ಸ್ಕ್ಯಾನ್ ಮಾಡಿದೆ. ಆಗ ಅಕ್ಷರದ ಎತ್ತರ 45 ಚುಕ್ಕಿಗಳಿಗೆ ಬಂತು. ಫೋಟೋ ತೆಗೆದವರು ಅಂಗಳದಲ್ಲಿ ನಿಂತು ಮೇಲಿನ ಫಲಕವನ್ನು ಓರೆಯಾಗಿ ಹಿಡಿದಿದ್ದರಿಂದ ಆಯತಾಕಾರದ ಫಲಕ ಒಂದು ಕಡೆ ಕಿರಿದಾಗಿ ಕಾಣುತ್ತಿತ್ತು. ಫಲಕದ ನಾಲ್ಕು ಮೂಲೆಗಳನ್ನು ಗುರುತಿಸಿ, ಅವು ಆಯತವಾಗುವಂತೆ ಕಂಪ್ಯೂಟರಿನಲ್ಲಿ ಚಿತ್ರವನ್ನು ಎಳೆದು ನೇರ ಮಾಡಿದೆ. ಉದ್ದ ಅಗಲಗಳ ಪ್ರಮಾಣ ತುಸು ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ. ಒಂದೇ ಫಲಕದ ಎಲ್ಲ ಅಕ್ಷರಗಳೂ ಅಷ್ಟೇ ಹಿಗ್ಗುತ್ತವೆ, ಅವುಗಳನ್ನು ಒಂದರೊಡನೊಂದು ಹೋಲಿಸಲು ಅಡ್ಡಿಯಾಗದು.

ಮೊದಲು ಕೇಳಬೇಕಾದ ಪ್ರಶ್ನೆ, ಇದು ಯಾವ ಅಕ್ಷರರೂಪ ಎಂಬುದಲ್ಲ. ಇದು ಕೈಬರಹವೋ, ಅಚ್ಚಿನಂಥ ಅಕ್ಷರವೋ ಎಂಬುದು. ಇದಕ್ಕೆ ಅತ್ಯಂತ ನಂಬಿಕಸ್ಥ ಪರೀಕ್ಷೆ, ಎರಡು ಸಲ ಬರುವ ಭಾಗವನ್ನು ಹುಡುಕಿ ಒಂದರ ಮೇಲೊಂದು ಇಟ್ಟು ನೋಡುವುದು. ‘ಸರ್ಕಾರಿ ಪ್ರೌಢಶಾಲೆ’ ಎಂಬ ಎರಡು ಪದಗಳಲ್ಲಿ ‘ಕಾ’ ಮತ್ತು ‘ಶಾ’ ಅಕ್ಷರಗಳ ದೀರ್ಘ ಎರಡು ಸಲ ಬರುತ್ತದೆ. ಅಚ್ಚಿನ ಅಕ್ಷರವಾದರೆ ಎರಡೂ ದೀರ್ಘಗಳು ತದ್ರೂಪವಾಗಿರಬೇಕು. ಕೈಯಿಂದ ಬರೆದದ್ದಾದರೆ ಎಂಥ ನುರಿತ ಪೇಂಟರಾದರೂ ಎರಡು ಸಲ ಒಂದೇ ರೀತಿ ಎಳೆಯಲಾರ.

ಪೆಟ್ಟಿಗೆಯ ಫೋಟೋದಲ್ಲಿ ‘ಶಾ’ದ ದೀರ್ಘ ‘ಕಾ’ದ ದೀರ್ಘಕ್ಕಿಂತ ಐದನೇ ಒಂದು ಪಾಲು ಉದ್ದವಾಗಿದೆ, ಅದರ ತುದಿ ಮೇಲಕ್ಕೆ ಸುರುಳಿಯಾಗಿದೆ. ಗೆರೆಗಳು ಒಂದು ಓರೆಯಲ್ಲಿ ದಪ್ಪ, ಅದರ ಎದುರು ಓರೆಯಲ್ಲಿ ತೆಳು. ಚಪ್ಪಟೆ ಬ್ರಷ್ಷನ್ನು ಒಂದೇ ಕೋನದಲ್ಲಿ ಹಿಡಿದು ಬರೆದರೆ ಹಾಗಾಗುತ್ತದೆ. ‘ಪ್ರೌ’ ಅಕ್ಷರದ ರಕಾರದ ಒತ್ತು ‘ಪ’ದ ನೇರ ಕೆಳಗೆ ಕೂತಿದೆ, ಅದರ ಬಾಲ ಎಡಕ್ಕೆ ಧಾರಾಳವಾಗಿ ಚಾಚಿದೆ. ಎಲ್ಲಕ್ಕಿಂತ ಚೆಂದದ ಸಾಕ್ಷಿ ಕೊನೆಯ ‘ಲೆ’. ‘ಸರ್ಕಾರಿ’ಯನ್ನು ಉದಾರವಾಗಿ ಬರೆದ ಪೇಂಟರಿಗೆ ಸಾಲಿನ ಕೊನೆಯಲ್ಲಿ ಜಾಗ ಸಾಲದೆ ‘ಲೆ’ಯನ್ನು ಇಕ್ಕಟ್ಟಾಗಿ ತುರುಕಿದ್ದಾರೆ. ಅಚ್ಚಿನ ಅಕ್ಷರ ಹಾಗೆ ಹೊಟ್ಟೆ ಎಳೆದುಕೊಂಡು ಜಾಗ ಮಾಡಿಕೊಳ್ಳುವುದಿಲ್ಲ. ಈ ಫಲಕ ಕೈಬರಹವೇ ಸರಿ.

ಜೆರಾಕ್ಸ್ ಫೋಟೋದಲ್ಲಿ ಎರಡು ದೀರ್ಘಗಳನ್ನು ಒಂದರ ಮೇಲೊಂದು ಇಟ್ಟಾಗ ಪೂರ್ತಿ ಕೂಡಿಕೊಂಡವು. ಅಂಚಿನಲ್ಲಿ ಒಂದು ಚುಕ್ಕಿಯ ವ್ಯತ್ಯಾಸವಷ್ಟೇ ಉಳಿಯಿತು. ಅದು ಸ್ಕ್ಯಾನಿನ ಒರಟುತನ. ರಟ್ಟನ್ನು ಕತ್ತರಿಸಿ ಮಾಡಿದ ಅಚ್ಚಿನಿಂದ ಬರೆದರೂ ಹೀಗೆ ತದ್ರೂಪ ಬರಬಹುದು. ಆದರೆ ರಟ್ಟಿನ ಅಚ್ಚಿನಲ್ಲಿ ಗೆರೆಗಳ ನಡುವೆ ತುಂಡುಗಳನ್ನು ಬಿಡಲೇಬೇಕು, ಇಲ್ಲವಾದರೆ ದುಂಡು ಅಕ್ಷರದ ಒಳಗಿನ ರಟ್ಟು ಕಳಚಿ ಬೀಳುತ್ತದೆ. ಇಲ್ಲಿ ಅಂಥ ತುಂಡರಿಕೆ ಎಲ್ಲೂ ಇಲ್ಲ. ಮೇಷ್ಟ್ರು ‘ಹೊಟ್ಟೆ ಸೀಳಿ’ ಎಂದು ಹೇಳಿಕೊಡುತ್ತಿದ್ದ ‘ಢ’ದ ಸೀಳು ಕೂಡ ಸ್ಕೇಲಿಟ್ಟು ಎಳೆದಂತೆ ನೇರವಾಗಿದೆ. ಹಾಗಾದರೆ ಇದು ಅಚ್ಚಿನ ರೂಪವನ್ನು ದೊಡ್ಡದು ಮಾಡಿ ಫಲಕಕ್ಕೆ ಇಳಿಸಿದ್ದು.

ಯಾವ ಅಚ್ಚು? ಕನ್ನಡದ ಕಂಪ್ಯೂಟರ್ ಅಕ್ಷರಗಳ ವಂಶಾವಳಿ ಬಹಳ ಉದ್ದದ್ದಲ್ಲ. ಬರಹ ತಂತ್ರಾಂಶ ಬಂದದ್ದು 1998ರಲ್ಲಿ. ತುಂಗಾ ಎಂಬ ಅಕ್ಷರ 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ 2000ದ ದಶಕದ ಮೊದಲ ವರ್ಷಗಳಲ್ಲಿ ಸರ್ಕಾರಿ ಕಚೇರಿಗಳಿಗೆ ಬಂದು, ಅಲ್ಲಿಂದ ಡಿ.ಟಿ.ಪಿ. ಅಂಗಡಿಗಳಿಗೂ ಹರಡಿತು. ಈ ಮೂರರಲ್ಲೂ ‘ಸರ್ಕಾರಿ ಪ್ರೌಢಶಾಲೆ’ ಎಂದು ಟೈಪ್ ಮಾಡಿ, ಫಲಕದ ಅಳತೆಗೆ ಹಿಗ್ಗಿಸಿ, ಚಿತ್ರದ ಮೇಲೆ ಇಟ್ಟು ನೋಡಿದೆ. ತುಂಗಾ ಮೊದಲ ಅಕ್ಷರದಲ್ಲೇ ಬಿಟ್ಟುಹೋಯಿತು. ಬರಹದ ಅಕ್ಷರಗಳು ತಲಕಟ್ಟಿನಲ್ಲಿ ಹೊಂದಲಿಲ್ಲ. ನುಡಿಯ ಒಂದು ಅಕ್ಷರರೂಪ ಸಾಲಿನುದ್ದಕ್ಕೂ ಕೂಡಿಕೊಂಡಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಂಪ್ಯೂಟರಿನ ಅಕ್ಷರಗಳಲ್ಲಿ ಎಷ್ಟೋ ಹಳೆಯ ಸೀಸದ ಮೊಳೆಗಳ ರೂಪವನ್ನು ಅನುಸರಿಸಿವೆ. ಹಾಗಾಗಿ ಆಕಾರ ಹೊಂದಿತು ಎಂದ ಮಾತ್ರಕ್ಕೆ ಅದು ಕಂಪ್ಯೂಟರ್ ಕಾಲದ್ದೇ ಎಂದು ಹೇಳಿಬಿಡುವಂತಿಲ್ಲ. ಆಕಾರದ ಜೊತೆ ಜೋಡಣೆಯನ್ನೂ ನೋಡಬೇಕು. ಆ ಕಾಲದ ನುಡಿ ಅಕ್ಷರಗಳಲ್ಲಿ ಕನ್ನಡದ ಒಂದು ಅಕ್ಷರವನ್ನು ಬಿಡಿ ತುಂಡುಗಳಿಂದ ಕಟ್ಟುತ್ತಿದ್ದರು. ಮೂಲಾಕ್ಷರ ಒಂದು ತುಂಡು, ದೀರ್ಘ ಒಂದು ತುಂಡು, ಒತ್ತು ಇನ್ನೊಂದು ತುಂಡು. ಪ್ರತಿ ತುಂಡಿಗೂ ಗೊತ್ತಾದ ಜಾಗ. ಪಕ್ಕದ ಅಕ್ಷರ ಯಾವುದೇ ಇರಲಿ, ಅದು ಅಲ್ಲೇ ಕೂರುತ್ತದೆ. ‘ರ್ಕಾ’ದಲ್ಲಿ ಅರ್ಕಾವೊತ್ತು, ಅಂದರೆ ಕನ್ನಡದ ಒಂಬತ್ತರಂತೆ ಕಾಣುವ ಗುರುತು, ‘ಕಾ’ದಿಂದ ಎಷ್ಟು ದೂರ ನಿಂತಿದೆ ಎಂದು ಅಳೆದೆ. ನುಡಿಯಲ್ಲಿ ಟೈಪ್ ಮಾಡಿದಾಗ ಬರುವ ಸಂದೇ ಫಲಕದಲ್ಲೂ ಇತ್ತು. ಕೈಯಿಂದ ಬರೆಯುವವರು ಆ ಸಂದನ್ನು ಕಣ್ಣಳತೆಯಲ್ಲಿ ಮುಚ್ಚಿಬಿಡುತ್ತಾರೆ. ಪೆಟ್ಟಿಗೆಯ ಫೋಟೋದಲ್ಲಿ ಅರ್ಕಾವೊತ್ತು ‘ಕಾ’ಕ್ಕೆ ತಾಗಿಕೊಂಡೇ ಇದೆ.

ಒಂದೇ ಬಗೆಯ ಸಾಕ್ಷ್ಯವನ್ನು ನೆಚ್ಚಿಕೊಳ್ಳಬಾರದೆಂದು ಅಕ್ಷರಗಳಿಗೆ ಸಂಬಂಧವಿಲ್ಲದ ಇನ್ನೊಂದು ಗುರುತು ಹುಡುಕಿದೆ. ಜೆರಾಕ್ಸ್ ಫೋಟೋದ ಫಲಕದ ಕೆಳಸಾಲನ್ನು ಧ್ವಜದ ಕಂಬ ಬಹುಪಾಲು ಮರೆಮಾಡಿದೆ. ಚಿತ್ರ ನೇರ ಮಾಡಿದ ಮೇಲೆ ಕಂಬದ ಎಡಗಡೆ ‘29’ ಎಂಬ ಅಂಕಿ ಇಣುಕಿತು. ಶಾಲೆಗಳಿಗೆ ಕೊಡುವ ಡೈಸ್ ಸಂಖ್ಯೆ ನಮ್ಮ ರಾಜ್ಯದಲ್ಲಿ 29ರಿಂದ ಶುರುವಾಗುತ್ತದೆ. 1990ರ ದಶಕಕ್ಕೆ ಮುಂಚೆ ಆ ಪದ್ಧತಿಯೇ ಇರಲಿಲ್ಲ. ಅಕ್ಷರ ಮತ್ತು ಅಂಕಿ ಎರಡೂ ಒಂದೇ ಮಾತು ಹೇಳಿದವು. ಈ ಫೋಟೋ 1974ರದಲ್ಲ, 2000ದ ನಂತರದ್ದು. ಬಣ್ಣದ ಫೋಟೋವನ್ನು ಜೆರಾಕ್ಸ್ ಯಂತ್ರ ಕಪ್ಪು-ಬಿಳುಪು ಮಾಡಿ ಅದಕ್ಕೆ ಇಲ್ಲದ ವಯಸ್ಸು ಕೊಟ್ಟಿತ್ತು.

ಹಾಗಾದರೆ ಪೆಟ್ಟಿಗೆಯ ಫೋಟೋ 1974ರದೇ? ಕೈಬರಹ ಎಂಬ ಒಂದೇ ಕಾರಣಕ್ಕೆ ಹಾಗೆನ್ನಲಾಗದು. ಬ್ರಷ್ ಹಿಡಿದು ಬರೆಯುವವರು ಇವತ್ತಿಗೂ ಇದ್ದಾರೆ. ಇಲ್ಲಿ ನೆರವಿಗೆ ಬಂದದ್ದು ಹತ್ತನೇ ತರಗತಿಯ ಒಂದು ಗ್ರೂಪ್ ಫೋಟೋ. ಅದರಲ್ಲಿ ಮುಂದಿನ ಸಾಲಿನ ಹುಡುಗ ಹಿಡಿದಿರುವ ಸ್ಲೇಟಿನ ಮೇಲೆ ‘1977–78’ ಎಂದಿದೆ. ಹಿಂದೆ ಫಲಕದ ಬಲಭಾಗ ಕಾಣುತ್ತದೆ. ಅಲ್ಲಿಯೂ ಅದೇ ಇಕ್ಕಟ್ಟಾದ ‘ಲೆ’, ಅದೇ ಸುರುಳಿಯ ‘ಶಾ’. ಅಂದರೆ ಎರಡೂ ಫೋಟೋಗಳಲ್ಲಿರುವುದು ಒಂದೇ ಫಲಕ. ಆದರೆ ಗ್ರೂಪ್ ಫೋಟೋದ ‘ಶಾ’ದಲ್ಲಿ ಸುರುಳಿಯ ತುದಿಯ ಬಣ್ಣ ಉದುರಿಹೋಗಿದೆ. ಪೆಟ್ಟಿಗೆಯ ಫೋಟೋದಲ್ಲಿ ಅದು ಇಡಿಯಾಗಿದೆ. ಉದುರಿದ ಬಣ್ಣ ತಾನಾಗಿ ಮತ್ತೆ ಕೂಡಿಕೊಳ್ಳುವುದಿಲ್ಲ. ಮೇಲಿಂದ ತೇಪೆ ಹಚ್ಚಿದ್ದರೆ ಗೆರೆ ದಪ್ಪವಾಗುತ್ತಿತ್ತು, ಇಲ್ಲಿ ಗೆರೆಯ ದಪ್ಪ ಹಾಗೆಯೇ ಇದೆ. ಆದ್ದರಿಂದ ಪೆಟ್ಟಿಗೆಯ ಫೋಟೋ ಆ ಗ್ರೂಪ್ ಫೋಟೋಕ್ಕಿಂತ ಹಿಂದಿನದು.

ಇಷ್ಟರಿಂದ ಸಿಗುವ ಉತ್ತರ 1974 ಮತ್ತು 1978ರ ನಡುವೆ ಎಂಬುದು. ಅದಕ್ಕಿಂತ ಹತ್ತಿರಕ್ಕೆ ಅಕ್ಷರಗಳು ನಮ್ಮನ್ನು ಕರೆದೊಯ್ಯುವುದಿಲ್ಲ. ‘ಇದೇ ಮೊದಲಿನದು’ ಎಂಬ ಆ ಹಿರಿಯರ ಮಾತಿಗೆ ಫಲಕ ಎಲ್ಲೂ ಅಡ್ಡ ಬರುವುದಿಲ್ಲ. ಪೆನ್ನಿನ ಬರಹಕ್ಕೆ ಮಾತ್ರ ಅಡ್ಡ ಬಂದಿದೆ. ಸಮಿತಿ ಇದನ್ನು ಒಪ್ಪಿ, ಮುಖಪುಟಕ್ಕೆ ಪೆಟ್ಟಿಗೆಯ ಫೋಟೋವನ್ನೇ ಆರಿಸಿದೆ. ಅದರ ಕೆಳಗೆ ‘ಧ್ವಜಾರೋಹಣ, 1974–78ರ ನಡುವೆ’ ಎಂದೂ, ಫೋಟೋವನ್ನು ಇಷ್ಟು ವರ್ಷ ಕಾಪಾಡಿದ ಕುಟುಂಬದ ಉಪಕಾರವನ್ನೂ ಅಚ್ಚು ಮಾಡಲಾಗಿದೆ. ಜೆರಾಕ್ಸ್ ಫೋಟೋ ಒಳಪುಟದಲ್ಲಿದೆ, ದಿನಾಂಕವನ್ನು ತಿದ್ದಲಾಗಿದೆ.

ನಿಮ್ಮ ಮನೆಯ ಆಲ್ಬಮ್‌ಗಳಲ್ಲಿ ಶಾಲೆಯ ಫೋಟೋಗಳಿದ್ದರೆ ಒಂದು ವಿನಂತಿ. ಸ್ಕ್ಯಾನ್ ಮಾಡುವಾಗ ಮುಖಗಳು ದೊಡ್ಡದಾಗಿ ಕಾಣಲೆಂದು ಹಿಂದಿನ ಗೋಡೆಯನ್ನು ಕತ್ತರಿಸಬೇಡಿ. ಫಲಕದ ಒಂದು ಮೂಲೆ, ಅರ್ಧ ಅಕ್ಷರ ಉಳಿದಿದ್ದರೂ ಉಪಯೋಗಕ್ಕೆ ಬರುತ್ತದೆ. ಮುಂದಿನ ತಿಂಗಳು ಈಗಿನ ಫಲಕಕ್ಕೆ ಹೊಸ ಬಣ್ಣ ಬಳಿಯುತ್ತಾರಂತೆ. ಅದಕ್ಕೆ ಮುಂಚೆ ಅದರ ಎದುರು ನೇರವಾಗಿ ನಿಂತು ಒಂದು ಫೋಟೋ ತೆಗೆದು, ದಿನಾಂಕ ಬರೆದು ಶಾಲೆಯ ಕಡತದಲ್ಲಿ ಇಡುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡಿದ್ದೇನೆ.