ಹೀಟ್ ಪೈಪ್

ಹೀಟ್ ಪೈಪ್ (ನಾಮಪದ): ಎರಡೂ ತುದಿ ಮುಚ್ಚಿದ, ಗಾಳಿ ತೆಗೆದು ಸ್ವಲ್ಪ ದ್ರವ ತುಂಬಿದ ಲೋಹದ ನಳಿಕೆ, ಶಾಖನಳಿಕೆ. ಅಮೆರಿಕದ ರಿಚರ್ಡ್ ಗಾಗ್ಲರ್ 1944ರಲ್ಲೇ ಇಂಥ ಸಾಧನಕ್ಕೆ ಪೇಟೆಂಟ್ ಪಡೆದಿದ್ದರೂ, ಈ ಹೆಸರು ಬಳಕೆಗೆ ಬಂದದ್ದು 1960ರ ದಶಕದಲ್ಲಿ, ಲಾಸ್ ಅಲಾಮೋಸ್‌ನ ಜಾರ್ಜ್ ಗ್ರೋವರ್ ಅವರಿಂದ.

ಬಿಸಿ ತುದಿಯಲ್ಲಿ ದ್ರವ ಆವಿಯಾಗಿ ತಣ್ಣನೆಯ ತುದಿಗೆ ಹರಿಯುತ್ತದೆ, ಅಲ್ಲಿ ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಒಳಗೋಡೆಯ ಸೂಕ್ಷ್ಮರಂಧ್ರಗಳ ಪದರ, ದೀಪದ ಬತ್ತಿ ಎಣ್ಣೆ ಎಳೆಯುವಂತೆ, ಅದನ್ನು ಹಿಂದಕ್ಕೆ ತರುತ್ತದೆ.

ಲೆಕ್ಕದಲ್ಲಿ ಇದು ಶಾಖರೋಧಗಳ ಸರಪಳಿಯ ಒಂದು ಕೊಂಡಿ. ಮಂಗಳೂರಿನ ಬೇಸಿಗೆಯಲ್ಲಿ 32 ಡಿಗ್ರಿಯ ಕೋಣೆ, 20 ವ್ಯಾಟ್ ಶಾಖ ಬಿಡುವ ಲ್ಯಾಪ್‌ಟಾಪ್ ಚಿಪ್ ಎಂದುಕೊಳ್ಳೋಣ. ಪ್ರತಿ ವ್ಯಾಟಿಗೆ ಪೇಸ್ಟ್‌ನಲ್ಲಿ 0.5, ನಳಿಕೆಯಲ್ಲಿ 0.25, ರೆಕ್ಕೆಗಳಿಂದ ಗಾಳಿಗೆ 1.2 ಡಿಗ್ರಿ ವ್ಯತ್ಯಾಸ ಬೇಕಾದರೆ, ಒಟ್ಟು 1.95. ಚಿಪ್ 71 ಡಿಗ್ರಿ ಮುಟ್ಟುತ್ತದೆ. 6 ಮಿ.ಮೀ. ದಪ್ಪ, 15 ಸೆಂ.ಮೀ. ಉದ್ದದ ಈ ನಳಿಕೆಯ ಬದಲು ಅಷ್ಟೇ ಅಳತೆಯ ಗಟ್ಟಿ ತಾಮ್ರದ ಸರಳಿದ್ದರೆ ಆ ಕೊಂಡಿಯೊಂದೇ ವ್ಯಾಟಿಗೆ ಸುಮಾರು 13 ಡಿಗ್ರಿ ಕೇಳುತ್ತಿತ್ತು. ಹೀಗಾಗಿ ನಳಿಕೆಯ ವಾಹಕತೆ ತಾಮ್ರದ ಸುಮಾರು 50 ಪಟ್ಟು ಎನ್ನುತ್ತಾರೆ. ಆದರೆ ಅದು ವಸ್ತುವಿನ ಗುಣವಲ್ಲ: ರೋಧ ಹೆಚ್ಚಾಗಿ ಎರಡು ತುದಿಗಳಲ್ಲೇ ಇರುವುದರಿಂದ ನಳಿಕೆ ಉದ್ದವಾದಷ್ಟೂ ಆ ಅಂಕಿ ಏರುತ್ತದೆ.

ಬತ್ತಿ ದ್ರವ ತರುವ ವೇಗಕ್ಕಿಂತ ಶಾಖ ಹೆಚ್ಚಾದರೆ ಬಿಸಿ ತುದಿ ಒಣಗಿ ರೋಧ ಥಟ್ಟನೆ ಏರುತ್ತದೆ. ಆಗ ಒಂದು ತುದಿ ಸುಡುತ್ತಿದ್ದರೂ ಇನ್ನೊಂದು ಅಷ್ಟು ಬಿಸಿಯಾಗದು. ಎರಡೂ ತುದಿ ಸಮನಾಗಿ ಸುಡುತ್ತಿದ್ದರೆ ನಳಿಕೆ ಸರಿಯಿದೆ. ಆಗ ತೊಡಕು ರೆಕ್ಕೆಗಳಲ್ಲಿರಬಹುದು, ಅವುಗಳ ಧೂಳು ತೆಗೆಯಬೇಕು.