ಕಮಿಷನ್ ಸೊನ್ನೆಯಾದ ಮೇಲೆ ದಲ್ಲಾಳಿ ಉಂಡದ್ದು ಏನನ್ನು?

ಷೇರು ಕೊಳ್ಳುವ ಆ್ಯಪ್‌ಗಳ ಜಾಹೀರಾತು ಈಗ ಹಳ್ಳಿಯ ಫೋನುಗಳಿಗೂ ಬರುತ್ತಿದೆ. 'ಬ್ರೋಕರೇಜ್ ಸೊನ್ನೆ' ಎಂದು ದೊಡ್ಡ ಅಕ್ಷರದಲ್ಲಿ ಇರುತ್ತದೆ. ಮಂಡಿಗೆ ಮಾಲು ಹಾಕಿದವರಿಗೆ ಇಲ್ಲಿ ಒಂದು ಅನುಮಾನ ಸಹಜವಾಗಿ ಬರಬೇಕು. ದಲ್ಲಾಳಿ ಕಮಿಷನ್ ಬಿಟ್ಟನೆಂದರೆ ಬೇರೆಲ್ಲೋ ಹಿಡಿದಿದ್ದಾನೆ ಎಂದೇ ಲೆಕ್ಕ. ಮುಂಗಡ ಕೊಟ್ಟು ಬಡ್ಡಿ ಹಾಕಿರಬಹುದು. ಮಾಲಿನ ದುಡ್ಡನ್ನು ಹದಿನೈದು ದಿನ ತನ್ನಲ್ಲೇ ಇಟ್ಟುಕೊಂಡು ತಿರುಗಿಸಿರಬಹುದು. ಇಲ್ಲವೇ ನಿಮ್ಮ ಮಾಲನ್ನು ತನಗೆ ಬೇಕಾದ ಖರೀದಿದಾರನಿಗೇ ದಾಟಿಸಿ ಅವನಿಂದ ಕೈಬಿಸಿ ಮಾಡಿಸಿಕೊಂಡಿರಬಹುದು. ಷೇರುಪೇಟೆಯ ದಲ್ಲಾಳಿಗಳ ಇತಿಹಾಸದಲ್ಲೂ ಇರುವುದು ಇದೇ ಮೂರು ದಾರಿ. ಆ ಇತಿಹಾಸದ ಬಹುಪಾಲು ನಡೆದದ್ದು ಅಮೆರಿಕದಲ್ಲಿ.

1792ರ ಮೇ 17ರಂದು ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ 24 ಮಂದಿ ದಲ್ಲಾಳಿಗಳು ಒಂದು ಸಣ್ಣ ಒಪ್ಪಂದಕ್ಕೆ ಸಹಿ ಹಾಕಿದರು. ಮಾಲಿನ ಬೆಲೆಯ ಮೇಲೆ ಶೇ 0.25ಕ್ಕಿಂತ ಕಡಿಮೆ ಕಮಿಷನ್ ಯಾರೂ ತೆಗೆದುಕೊಳ್ಳಬಾರದು, ವ್ಯವಹಾರದಲ್ಲಿ ಪರಸ್ಪರರಿಗೇ ಮೊದಲ ಆದ್ಯತೆ ಕೊಡಬೇಕು ಎಂಬುದು ಅದರ ಸಾರ. ನ್ಯೂಯಾರ್ಕ್ ಷೇರುಪೇಟೆ ಬೆಳೆದದ್ದು ಇದರಿಂದ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ದಲ್ಲಾಳಿಗಳು ಒಂದಾಗಿ ಬೆಲೆ ಇಳಿಸದಂತೆ ಕಟ್ಟು ಮಾಡಿಕೊಂಡರು. ದರಗಳು ಬದಲಾದರೂ ಕನಿಷ್ಠ ಕಮಿಷನ್ನಿನ ಕಟ್ಟು ಸುಮಾರು 183 ವರ್ಷ ಉಳಿಯಿತು. 1975ರ ಮೇ 1ರಂದು ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ ಅದನ್ನು ರದ್ದು ಮಾಡಿತು. ಅಲ್ಲಿಂದ ಮುಂದೆ ಯಾರು ಎಷ್ಟಾದರೂ ಕಡಿಮೆ ಕೇಳಬಹುದಿತ್ತು. ಚಾರ್ಲ್ಸ್ ಶ್ವಾಬ್ ಥರದ ಅಗ್ಗದ ದಲ್ಲಾಳಿಗಳು ಹುಟ್ಟಿಕೊಂಡರು. ಕಮಿಷನ್ ಇಳಿಯುತ್ತಾ ಹೋದಂತೆ ಬೇರೆ ಆದಾಯದ ಹುಡುಕಾಟ ಜೋರಾಯಿತು.

ಸಾಲದ ಬಡ್ಡಿಯ ದಾರಿ ಮಾತ್ರ ಅದಕ್ಕಿಂತ ಬಹಳ ಹಳೆಯದು. 1920ರ ದಶಕದಲ್ಲಿ ಗಿರಾಕಿ 1,000 ಡಾಲರ್ ತಂದರೆ ದಲ್ಲಾಳಿ 9,000 ಡಾಲರ್ ಸಾಲ ಸೇರಿಸಿ 10,000 ಡಾಲರಿನ ಷೇರು ಕೊಡಿಸುವುದು ನಡೆಯುತ್ತಿತ್ತು. ಗಿರಾಕಿ ತರುವ ಆ ಪಾಲಿಗೆ ಮಾರ್ಜಿನ್ ಎನ್ನುತ್ತಾರೆ. ಷೇರು ಅಡವಾಗಿ ದಲ್ಲಾಳಿಯ ಹತ್ತಿರವೇ ಇರುತ್ತಿತ್ತು. ಅವನು ಬ್ಯಾಂಕಿನಿಂದ ಸಾಲ ತಂದು ಗಿರಾಕಿಗೆ ಕೊಡುತ್ತಿದ್ದ. ಬ್ಯಾಂಕು ಯಾವ ದಿನ ಬೇಕಾದರೂ ವಾಪಸ್ ಕೇಳಬಹುದಾದ ಸಾಲ ಅದು. ಷೇರಿನ ಬೆಲೆ ಏರುವಾಗ ಎಲ್ಲರಿಗೂ ಸುಖ. ಆದರೆ ಆ 10,000 ಡಾಲರಿನ ಷೇರು 9,200ಕ್ಕೆ ಇಳಿದರೆ ಗಿರಾಕಿಯದು ಉಳಿಯುವುದು 200 ಮಾತ್ರ. ಆಗ 'ಇನ್ನಷ್ಟು ಹಣ ಕಟ್ಟು' ಎಂದು ತಂತಿ ಬರುತ್ತಿತ್ತು. ಕಟ್ಟದಿದ್ದರೆ ದಲ್ಲಾಳಿ ಅವನನ್ನು ಕೇಳದೆಯೇ ಷೇರು ಮಾರುತ್ತಿದ್ದ. 1929ರ ಅಕ್ಟೋಬರಿನಲ್ಲಿ ಹೀಗೆ ಸಾವಿರಾರು ಜನರ ಷೇರು ಒಟ್ಟಿಗೆ ಮಾರಾಟಕ್ಕೆ ಬಂತು. ಮಾರಾಟದಿಂದ ಬೆಲೆ ಇನ್ನೂ ಇಳಿಯಿತು, ಇಳಿದದ್ದಕ್ಕೆ ಇನ್ನಷ್ಟು ತಂತಿಗಳು ಹೋದವು. ದಲ್ಲಾಳಿಗಳ ಮೂಲಕ ಆಗ ಹರಡಿದ್ದ ಸಾಲ 800 ಕೋಟಿ ಡಾಲರ್ ದಾಟಿತ್ತು. 1934ರ ಕಾನೂನು ಈ ಸಾಲದ ಮಿತಿ ಹಾಕುವ ಅಧಿಕಾರವನ್ನು ಅಮೆರಿಕದ ಕೇಂದ್ರ ಬ್ಯಾಂಕಿಗೆ ಕೊಟ್ಟಿತು. 1974ರಿಂದ ಅಲ್ಲಿ ಷೇರಿನ ಬೆಲೆಯ ಅರ್ಧವನ್ನಾದರೂ ಕೊಳ್ಳುವವನೇ ಹಾಕಬೇಕು. ಸಾಲ ನಿಲ್ಲಲಿಲ್ಲ, ಬಡ್ಡಿಯ ಆದಾಯವೂ ನಿಲ್ಲಲಿಲ್ಲ.

ಇನ್ನು ಕೈಬಿಸಿಯ ದಾರಿ. ಇದನ್ನು 1980ರ ದಶಕದಲ್ಲಿ ದೊಡ್ಡದಾಗಿ ಬೆಳೆಸಿದವನ ಹೆಸರು ಬರ್ನಾರ್ಡ್ ಮೇಡಾಫ್. 2008ರಲ್ಲಿ ಭಾರೀ ಹೂಡಿಕೆ ವಂಚನೆಗಾಗಿ ಸಿಕ್ಕಿಬಿದ್ದವನೇ ಈತ. ಆದರೆ ನಾವು ಹೇಳುತ್ತಿರುವುದು ಆ ವಂಚನೆಯಲ್ಲ, ಅವನ ಇನ್ನೊಂದು ವ್ಯಾಪಾರ. ಅದು ಕಾನೂನುಬದ್ಧವಾಗಿಯೇ ಇತ್ತು.

ಷೇರಿಗೆ ಯಾವಾಗಲೂ ಎರಡು ಬೆಲೆ ಇರುತ್ತದೆ, ಮಾರುವವನಿಗೆ ಸಿಗುವುದು ಒಂದು, ಕೊಳ್ಳುವವನು ಕೊಡುವುದು ಇನ್ನೊಂದು. ಆಗ ಅಮೆರಿಕದಲ್ಲಿ ಬೆಲೆಗಳನ್ನು ಡಾಲರಿನ ಎಂಟನೇ ಒಂದು ಭಾಗದಲ್ಲಿ ಹೇಳುತ್ತಿದ್ದರು. ಹಾಗಾಗಿ ಈ ಅಂತರ ಎಷ್ಟು ಕಿರಿದಾದರೂ ಸಾಮಾನ್ಯವಾಗಿ ಹನ್ನೆರಡೂವರೆ ಸೆಂಟ್ ಇರುತ್ತಿತ್ತು. ಒಬ್ಬ ಗಿರಾಕಿ 100 ಷೇರನ್ನು 50 ಡಾಲರಿಗೆ ಮಾರುತ್ತಾನೆ, ಇನ್ನೊಬ್ಬ ಅದೇ ಷೇರನ್ನು 50 ಡಾಲರ್ 12.5 ಸೆಂಟಿಗೆ ಕೊಳ್ಳುತ್ತಾನೆ ಎಂದುಕೊಳ್ಳಿ. ನಡುವೆ ನಿಂತ ಸಗಟು ವ್ಯಾಪಾರಿಗೆ 12 ಡಾಲರ್ 50 ಸೆಂಟ್ ಉಳಿಯುತ್ತದೆ. ಮೇಡಾಫ್ ದಲ್ಲಾಳಿಗಳಿಗೆ ಹೇಳಿದ್ದಿಷ್ಟು: ನಿಮ್ಮ ಗಿರಾಕಿಗಳ ಆರ್ಡರುಗಳನ್ನು ಷೇರುಪೇಟೆಗೆ ಬದಲು ನನಗೆ ಕಳಿಸಿ, ಷೇರಿಗೊಂದು ಸೆಂಟ್ ಕೊಡುತ್ತೇನೆ. ನಮ್ಮ ಉದಾಹರಣೆಯಲ್ಲಿ ಎರಡು ಕಡೆಯ 200 ಷೇರಿಗೆ ಅವನು ಕೊಡುವುದು 2 ಡಾಲರ್. ಆಮೇಲೂ ಅವನಿಗೆ ಹತ್ತೂವರೆ ಡಾಲರ್ ಉಳಿಯಿತು. ಗಿರಾಕಿಗಳಿಬ್ಬರಿಗೂ ಇದು ಗೊತ್ತಾಗುವುದೇ ಇಲ್ಲ, ಏಕೆಂದರೆ ಅವರ ಬಿಲ್ಲಿನಲ್ಲಿ ಈ ಸಾಲೇ ಇಲ್ಲ.

ಸಗಟು ವ್ಯಾಪಾರಿಗೆ ಸಣ್ಣವರ ಆರ್ಡರೇ ಬೇಕು, ದೊಡ್ಡ ಫಂಡುಗಳದ್ದು ಬೇಡ. ದೊಡ್ಡ ಫಂಡು ಕೊಳ್ಳತೊಡಗಿದರೆ ಬೆಲೆ ಏರುವ ಸಂಭವ ಹೆಚ್ಚು, ಅದಕ್ಕೆ ಮಾರಿದವನು ನಷ್ಟಕ್ಕೆ ಸಿಲುಕುತ್ತಾನೆ. ಹತ್ತಿಪ್ಪತ್ತು ಷೇರು ಕೊಳ್ಳುವವನ ಹಿಂದೆ ಅಂಥ ಗುಟ್ಟಿನ ಸುದ್ದಿ ಇರುವುದಿಲ್ಲ. ಅಂದರೆ ನಮಗೆ ಏನೂ ಗೊತ್ತಿಲ್ಲ ಎಂಬುದಕ್ಕೇ ಅಲ್ಲಿ ಬೆಲೆ.

2001ರಲ್ಲಿ ಬೆಲೆಗಳು ಸೆಂಟಿನ ಲೆಕ್ಕಕ್ಕೆ ಬಂದು ಅಂತರ ಕಿರಿದಾಯಿತು. ಪದ್ಧತಿ ಮಾತ್ರ ಸಾಯಲಿಲ್ಲ. 2013ರಲ್ಲಿ ಶುರುವಾದ ರಾಬಿನ್‌ಹುಡ್ ಎಂಬ ಕಂಪನಿ ಮೊದಲಿನಿಂದಲೇ ಕಮಿಷನ್ ಇಲ್ಲ ಎಂದಿತು. ಅದರ ಆದಾಯದ ದೊಡ್ಡ ಭಾಗ ಬಂದದ್ದು ಸಗಟು ವ್ಯಾಪಾರಿಗಳಿಂದ. 2020ರ ಡಿಸೆಂಬರಿನಲ್ಲಿ ನಿಯಂತ್ರಕ ಸಂಸ್ಥೆ ಹೊರಡಿಸಿದ ಆದೇಶದಲ್ಲಿ ಒಳಗಿನ ಲೆಕ್ಕ ಬಯಲಾಯಿತು. ಸಗಟು ವ್ಯಾಪಾರಿ ತನ್ನ ಲಾಭದಲ್ಲಿ ಬಿಟ್ಟುಕೊಡುವ ಪಾಲಿನ ಶೇ 80 ಗಿರಾಕಿಗೆ ಉತ್ತಮ ಬೆಲೆಯಾಗಿ, ಶೇ 20 ದಲ್ಲಾಳಿಗೆ ಹೋಗುವುದು ವಾಡಿಕೆಯಾಗಿತ್ತು. ರಾಬಿನ್‌ಹುಡ್ ಇದನ್ನು ತಲೆಕೆಳಗು ಮಾಡಿತ್ತು, ದಲ್ಲಾಳಿಗೆ 80, ಗಿರಾಕಿಗೆ 20. ಉಳಿದ ಕಮಿಷನ್ನನ್ನು ಕಳೆದ ಮೇಲೂ ಗಿರಾಕಿಗಳಿಗೆ ಒಟ್ಟು 3.41 ಕೋಟಿ ಡಾಲರ್ ನಷ್ಟವಾಗಿತ್ತು ಎಂದು ಆದೇಶ ಹೇಳಿತು. ಕಂಪನಿ ತಪ್ಪನ್ನು ಒಪ್ಪದೆ, ಅಲ್ಲಗಳೆಯದೆ 6.5 ಕೋಟಿ ಡಾಲರ್ ದಂಡ ಕಟ್ಟಿತು. ದಂಡ ಬಿದ್ದದ್ದು ಹಣ ತೆಗೆದುಕೊಂಡದ್ದಕ್ಕಲ್ಲ ಎಂಬುದನ್ನು ಗಮನಿಸಿ. ಆದಾಯದ ಮೂಲವನ್ನು ಗಿರಾಕಿಗೆ ಸರಿಯಾಗಿ ಹೇಳದೆ, ಅವನಿಗೆ ಒಳ್ಳೆಯ ಬೆಲೆ ಕೊಡಿಸುವ ಕರ್ತವ್ಯ ತಪ್ಪಿದ್ದಕ್ಕೆ. ಇಷ್ಟಾದರೂ 1975ಕ್ಕೆ ಮುಂಚಿನ ಕಮಿಷನ್ನಿಗೆ ಹೋಲಿಸಿದರೆ ಸಣ್ಣ ಗಿರಾಕಿಗೆ ಇಂದು ಖರ್ಚು ತೀರಾ ಕಡಿಮೆ. ಆ ನ್ಯಾಯವನ್ನೂ ಹೇಳಬೇಕು.

ಮೂರನೆಯದು ಅತಿ ಸದ್ದಿಲ್ಲದ ದಾರಿ, ನಮ್ಮ ಅಭಿಪ್ರಾಯದಲ್ಲಿ ಅತಿ ಗಟ್ಟಿಯಾದದ್ದೂ ಹೌದು. ಷೇರು ಮಾರಿದ ಹಣ, ಇನ್ನೂ ಏನೂ ಕೊಳ್ಳದ ಹಣ ದಲ್ಲಾಳಿಯ ಖಾತೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ಶ್ವಾಬ್ ಕಂಪನಿ ಅದನ್ನು ತನ್ನದೇ ಬ್ಯಾಂಕಿಗೆ ಸಾಗಿಸಿ, ಗಿರಾಕಿಗೆ ಅಲ್ಪ ಬಡ್ಡಿ ಕೊಟ್ಟು, ತಾನು ಹೆಚ್ಚು ಬಡ್ಡಿಯ ಸಾಲಪತ್ರಗಳಲ್ಲಿ ಹಾಕುತ್ತಿತ್ತು. 2018ರಲ್ಲಿ ಅದರ ಸುಮಾರು 1,010 ಕೋಟಿ ಡಾಲರ್ ಆದಾಯದಲ್ಲಿ ಸುಮಾರು 580 ಕೋಟಿ ಬಂದದ್ದು ಬಡ್ಡಿಯ ಅಂತರದಿಂದ. ಆದ್ದರಿಂದಲೇ 2019ರ ಅಕ್ಟೋಬರ್ 1ರಂದು ಅದು ಕಮಿಷನ್ ಸೊನ್ನೆ ಮಾಡುವುದಾಗಿ ಘೋಷಿಸಿದಾಗ ಅದಕ್ಕೆ ತಡೆದುಕೊಳ್ಳುವ ಶಕ್ತಿ ಇತ್ತು. ಕಮಿಷನ್ನನ್ನೇ ಹೆಚ್ಚು ನೆಚ್ಚಿದ್ದ ಟಿಡಿ ಅಮೆರಿಟ್ರೇಡ್ ಕೂಡ ವಿಧಿಯಿಲ್ಲದೆ ಸೊನ್ನೆಗಿಳಿಯಿತು. ಎರಡೇ ತಿಂಗಳೊಳಗೆ, ನವೆಂಬರಿನಲ್ಲಿ, ಅದನ್ನು 2,600 ಕೋಟಿ ಡಾಲರಿಗೆ ಕೊಳ್ಳುವುದಾಗಿ ಶ್ವಾಬ್ ಘೋಷಿಸಿತು.

ಇದರ ಬಾಲವೂ ಇದೆ. ಹೂಡಿಕೆಯ ಸಲಹೆಗೆ ಶುಲ್ಕವಿಲ್ಲ ಎಂದಿದ್ದ ಶ್ವಾಬ್‌ನ ಒಂದು ಸೇವೆ, ಗಿರಾಕಿಯ ಹಣದ ಒಂದು ಭಾಗವನ್ನು ಹೂಡದೆ ನಗದಾಗಿಯೇ ಇಡುತ್ತಿತ್ತು. ಆ ನಗದಿನಿಂದ ಲಾಭ ಮಾಡಿದ್ದು ಕಂಪನಿಯ ಬ್ಯಾಂಕು. ಇದನ್ನು ಸರಿಯಾಗಿ ತಿಳಿಸದ ಪ್ರಕರಣ 2022ರಲ್ಲಿ 18.7 ಕೋಟಿ ಡಾಲರ್ ಕಟ್ಟುವುದರೊಂದಿಗೆ ಮುಗಿಯಿತು. ಇಲ್ಲೂ ಕಂಪನಿ ತಪ್ಪೊಪ್ಪಿಕೊಳ್ಳಲಿಲ್ಲ.

ನಮ್ಮ ದೇಶದಲ್ಲಿ ಮೇಡಾಫ್‌ನ ದಾರಿಗೆ ಜಾಗವಿಲ್ಲ. ನಿಮ್ಮ ಆರ್ಡರ್ ಎನ್‌ಎಸ್‌ಇ ಅಥವಾ ಬಿಎಸ್‌ಇಗೇ ಹೋಗಬೇಕು, ನಡುವೆ ಯಾರಿಗೂ ಮಾರುವಂತಿಲ್ಲ. ಆದರೆ ಅದರ ದೂರದ ನೆಂಟನೊಬ್ಬ ಇಲ್ಲಿದ್ದ. ಷೇರುಪೇಟೆ ಪ್ರತಿ ವ್ಯವಹಾರಕ್ಕೆ ತೆಗೆದುಕೊಳ್ಳುವ ಶುಲ್ಕದಲ್ಲಿ ಹೆಚ್ಚು ವಹಿವಾಟು ತರುವ ಬ್ರೋಕರಿಗೆ ರಿಯಾಯಿತಿ ಇತ್ತು. ಬ್ರೋಕರ್ ಗಿರಾಕಿಯಿಂದ ಪೂರ್ತಿ ದರ ಹಿಡಿದು, ಪೇಟೆಗೆ ಕಡಿಮೆ ಕಟ್ಟಿ, ಉಳಿದದ್ದನ್ನು ಇಟ್ಟುಕೊಳ್ಳುತ್ತಿದ್ದ. 2024ರ ಅಕ್ಟೋಬರ್ 1ರಿಂದ ಸೆಬಿ ಎಲ್ಲ ಬ್ರೋಕರುಗಳಿಗೂ ಒಂದೇ ದರ ಮಾಡಿ ಇದನ್ನು ನಿಲ್ಲಿಸಿತು. ಬೆಂಗಳೂರಿನಲ್ಲಿ 2010ರಲ್ಲಿ ಶುರುವಾದ ಜೆರೋಧಾ, 2015ರ ಕೊನೆಯಿಂದ ಕೊಂಡು ಇಟ್ಟುಕೊಳ್ಳುವ ಷೇರಿಗೆ ಬ್ರೋಕರೇಜ್ ತೆಗೆದುಕೊಂಡಿಲ್ಲ. ರಿಯಾಯಿತಿ ನಿಲ್ಲಿಸಿದ ಸೆಬಿಯ ಕ್ರಮದಿಂದ ತಮ್ಮ ಆದಾಯದ ಸುಮಾರು ಶೇ 10 ಹೋಗುತ್ತದೆ ಎಂದು ಅದರ ಸ್ಥಾಪಕ ನಿತಿನ್ ಕಾಮತ್ ಆಗ ಬಹಿರಂಗವಾಗಿಯೇ ಹೇಳಿದ್ದರು. ಗಿರಾಕಿಯ ಬಿಲ್ಲಿನಲ್ಲಿ ಅದು ಅಲ್ಲಿಯವರೆಗೆ 'ಷೇರುಪೇಟೆಯ ಶುಲ್ಕ' ಎಂದೇ ಕಾಣುತ್ತಿತ್ತು.

ಉಳಿದ ಎರಡು ದಾರಿಗಳು ಇಲ್ಲೂ ತೆರೆದೇ ಇವೆ. ಬ್ರೋಕರ್ ಖಾತೆಯಲ್ಲಿ ಬಿದ್ದ ನಿಮ್ಮ ಹಣಕ್ಕೆ ನಿಮಗೆ ಬಡ್ಡಿ ಬರುವುದಿಲ್ಲ. ಬಳಸದ ಹಣವನ್ನು ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ನಿಮ್ಮ ಬ್ಯಾಂಕಿಗೆ ವಾಪಸ್ ಹಾಕಬೇಕೆಂಬ ಸೆಬಿ ನಿಯಮ ಇರುವುದರಿಂದ, ಕೇಳದೆಯೇ ಹಣ ಬಂದರೆ ಗಾಬರಿ ಬೇಡ.

ಹೆಚ್ಚು ಎಚ್ಚರ ಬೇಕಾದದ್ದು ಸಾಲದಲ್ಲಿ. ಆ್ಯಪಿನಲ್ಲಿ ಕೊಳ್ಳುವಾಗ MTF ಎಂದು ಒಂದು ಆಯ್ಕೆ ಇರುತ್ತದೆ, ಅದು ಅದೇ ಹಳೆಯ ಮಾರ್ಜಿನ್ ಸಾಲ. 1 ಲಕ್ಷದ ಷೇರಿಗೆ ನೀವು 25,000 ಹಾಕಿ 75,000 ಸಾಲ ಪಡೆದಿರಿ, ಬಡ್ಡಿ ವರ್ಷಕ್ಕೆ ಶೇ 15 ಎಂದುಕೊಳ್ಳೋಣ. ದಿನಕ್ಕೆ ಸುಮಾರು 31 ರೂಪಾಯಿ, ಚಹಾದ ಖರ್ಚಿನಂತೆ ಕಾಣುತ್ತದೆ. ಆರು ತಿಂಗಳು ಮರೆತರೆ 5,600 ದಾಟುತ್ತದೆ. ಷೇರಿನ ಬೆಲೆ ಅಷ್ಟೂ ದಿನ ಇದ್ದಲ್ಲೇ ಇದ್ದರೂ ನಿಮ್ಮ 25,000ದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಿರುತ್ತದೆ. ಬೆಲೆ ಜೋರಾಗಿ ಇಳಿದರೆ 1929ರ ತಂತಿಯ ಬದಲು ಫೋನಿಗೆ ಮೆಸೇಜು ಬರುತ್ತದೆ, ಹಣ ಕಟ್ಟದಿದ್ದರೆ ಬ್ರೋಕರ್ ಷೇರು ಮಾರಬಹುದು. ಈ ಬಡ್ಡಿಯನ್ನು ಷೇರು ಕೊಂಡ ದಿನ ಬರುವ ಕಾಂಟ್ರ್ಯಾಕ್ಟ್ ನೋಟಿನಲ್ಲಿ ಹುಡುಕಬೇಡಿ, ಅದು ಆಮೇಲೆ ಬೆಳೆಯುವ ಬಡ್ಡಿ. ಆ್ಯಪಿನ ಲೆಡ್ಜರ್ ತೆರೆದು, ನೀವು ಏನೂ ಕೊಳ್ಳದ, ಮಾರದ ದಿನಗಳಲ್ಲೂ ಹಣ ಕಡಿತವಾಗಿದೆಯೇ ಎಂದು ನೋಡಿ.